ಬಿದರಿ ಪರಿಚಯ ಕಾರ್ಡುಗಳ ಪದಗಣನೆ: LEN ಮತ್ತು SUBSTITUTE ಎಣಿಸಿದ್ದು ಏನನ್ನು?

ಬೀದರ್‌ನ ಬಿದರಿ ಕುಶಲಕರ್ಮಿಗಳ ಒಂದು ಗುಂಪು ತನ್ನ ಪ್ರದರ್ಶನಕ್ಕಾಗಿ 36 ವಸ್ತುಗಳ ಪರಿಚಯ ಕಾರ್ಡುಗಳನ್ನು ನಮ್ಮ ಡಿಟಿಪಿ ಅಂಗಡಿಯಲ್ಲಿ ಮಾಡಿಸಿತು. ಹುಕ್ಕಾ, ಸುರಾಹಿ, ಪಾನ್‌ದಾನ್, ಹೂದಾನಿ, ತಟ್ಟೆ ಮುಂತಾದ ಪ್ರತಿಯೊಂದು ವಸ್ತುವಿನ ಮುಂದೆ ಅಂಗೈಯಗಲದ ಒಂದು ಕಾರ್ಡು ನಿಲ್ಲಬೇಕಾಗಿತ್ತು. ಅದರಲ್ಲಿ ವಸ್ತುವಿನ ಹೆಸರಿನ ಕೆಳಗೆ ಹೆಚ್ಚೆಂದರೆ 30 ಪದಗಳ ವಿವರಣೆ ಇರಬೇಕೆಂದು ನಾವೇ ಮಿತಿ ಹಾಕಿದ್ದೆವು. ಕಾರ್ಡುಗಳನ್ನು ಇಂಗ್ಲಿಷಿಗೂ ಅನುವಾದಿಸಬೇಕಾಗಿದ್ದು, ಅನುವಾದಕರಿಗೆ ಪದದ ಲೆಕ್ಕದಲ್ಲಿ ಹಣ ಕೊಡುವ ಮಾತಾಗಿದ್ದರಿಂದ ಒಟ್ಟು ಪದಗಳ ಸಂಖ್ಯೆಯೂ ನಮಗೆ ಬೇಕಾಗಿತ್ತು. ಈ ಎರಡು ಅಗತ್ಯಗಳಿಗಾಗಿ ಎಕ್ಸೆಲ್ ಹಾಳೆಯಲ್ಲಿ ಹಾಕಿದ ಒಂದು ಚಿಕ್ಕ ಸೂತ್ರ ಎಲ್ಲೆಲ್ಲಿ ಸರಿಯಾಗಿ ಎಣಿಸಿತು, ಎಲ್ಲೆಲ್ಲಿ ತಪ್ಪಿತು, ತಪ್ಪಿದ್ದು ನಮಗೆ ಹೇಗೆ ತಿಳಿಯಿತು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಹಾಳೆಯ ರಚನೆ ಸರಳವಾಗಿತ್ತು. A ಕಾಲಂನಲ್ಲಿ ಕ್ರಮಸಂಖ್ಯೆ, B ಕಾಲಂನಲ್ಲಿ ವಸ್ತುವಿನ ಹೆಸರು, C ಕಾಲಂನಲ್ಲಿ ವಿವರಣೆ. ಮೊದಲ ಸಾಲು ತಲೆಬರಹವಾದ್ದರಿಂದ 36 ವಸ್ತುಗಳು 2ನೇ ಸಾಲಿನಿಂದ 37ನೇ ಸಾಲಿನವರೆಗೆ ಇದ್ದವು. ವಿವರಣೆಗಳು ಮಾತ್ರ ಒಂದೇ ಕೈಯಿಂದ ಬಂದಿರಲಿಲ್ಲ. ಕೆಲವನ್ನು ಕುಶಲಕರ್ಮಿಗಳ ಮನೆಯ ಹುಡುಗರು ಮೊಬೈಲಿನಲ್ಲಿ ಟೈಪ್ ಮಾಡಿ ಕಳಿಸಿದ್ದರು, ಕೆಲವನ್ನು ನಮ್ಮ ಅಂಗಡಿಯ ಹುಡುಗ ಕೈಬರಹ ನೋಡಿ ನೇರವಾಗಿ ಸೆಲ್‌ನೊಳಗೆ ಟೈಪ್ ಮಾಡಿದ್ದ, ಎರಡು ವಿವರಣೆಗಳನ್ನು ಯಾರೋ ವೆಬ್ ಪುಟದಿಂದ ನಕಲು ಮಾಡಿ ಅಂಟಿಸಿದ್ದರು. ಮುಂದೆ ಎದುರಾದ ತೊಡಕುಗಳೆಲ್ಲ ಈ ಮೂರು ಬಗೆಯ ಕೈಗಳಿಂದಲೇ ಬಂದವು.

ಎಕ್ಸೆಲ್‌ನಲ್ಲಿ ಒಂದು ಸೆಲ್‌ನ ಪದಗಳನ್ನು ಎಣಿಸಲೆಂದೇ ಮಾಡಿದ ಫಂಕ್ಷನ್ ಇಲ್ಲ. ಆದ್ದರಿಂದ ಬಹುಕಾಲದಿಂದ ಎಲ್ಲರೂ ಬಳಸುವ ಬಳಸುದಾರಿಯನ್ನೇ ನಾವೂ ಹಿಡಿದೆವು.

```
=LEN(C2)-LEN(SUBSTITUTE(C2," ",""))+1
```

ಇದರ ಒಳತರ್ಕ ಹೀಗಿದೆ. LEN ಎಂಬುದು ಸೆಲ್‌ನಲ್ಲಿರುವ ಎಲ್ಲ ಸಂಕೇತಗಳನ್ನೂ, ಸ್ಪೇಸ್ ಸೇರಿಸಿ, ಎಣಿಸುತ್ತದೆ. SUBSTITUTE ಎಂಬುದು ಆ ಪಠ್ಯದಲ್ಲಿರುವ ಪ್ರತಿ ಸ್ಪೇಸನ್ನೂ ತೆಗೆದು ಆ ಜಾಗದಲ್ಲಿ ಏನನ್ನೂ ಇಡದೆ ಪದಗಳನ್ನೆಲ್ಲ ಒಂದಕ್ಕೊಂದು ಅಂಟಿಸುತ್ತದೆ. ಹಾಗೆ ಅಂಟಿದ ಪಠ್ಯದ ಉದ್ದವನ್ನು ಎರಡನೆಯ LEN ಎಣಿಸುತ್ತದೆ. ಮೊದಲ ಉದ್ದದಿಂದ ಎರಡನೆಯದನ್ನು ಕಳೆದರೆ ಎಷ್ಟು ಸ್ಪೇಸ್‌ಗಳಿದ್ದವೆಂಬುದು ಸಿಗುತ್ತದೆ. ಮೂರು ಪದಗಳ ನಡುವೆ ಎರಡು ಸಂದುಗಳಿರುವಂತೆ ಪದಗಳ ಸಂಖ್ಯೆ ಸಂದುಗಳಿಗಿಂತ ಒಂದು ಹೆಚ್ಚಾಗಿರುವುದರಿಂದ ಕೊನೆಗೆ 1 ಕೂಡಿಸಬೇಕು.

ಒಂದು ಚಿಕ್ಕ ಉದಾಹರಣೆಯನ್ನು ಕೈಯಿಂದಲೇ ಎಣಿಸಿ ನೋಡೋಣ. ಸೆಲ್‌ನಲ್ಲಿ “ಸತು ತಾಮ್ರ ಬೆಳ್ಳಿ” ಎಂದಿದೆ ಎನ್ನಿ. ‘ಸತು’ ಎಂಬುದು ಸ, ತ ಮತ್ತು ಉಕಾರದ ಚಿಹ್ನೆ ಸೇರಿ 3 ಸಂಕೇತ. ‘ತಾಮ್ರ’ ಎಂಬುದು ತ, ದೀರ್ಘದ ಚಿಹ್ನೆ, ಮ, ವಿರಾಮ ಚಿಹ್ನೆ, ರ ಸೇರಿ 5. ‘ಬೆಳ್ಳಿ’ ಎಂಬುದು ಬ, ಎಕಾರದ ಚಿಹ್ನೆ, ಳ, ವಿರಾಮ ಚಿಹ್ನೆ, ಳ, ಇಕಾರದ ಚಿಹ್ನೆ ಸೇರಿ 6. ಇವುಗಳ ಮೊತ್ತ 14, ನಡುವಿನ 2 ಸ್ಪೇಸ್ ಸೇರಿದರೆ 16. ಹದಿನಾರರಲ್ಲಿ ಹದಿನಾಲ್ಕು ಕಳೆದರೆ 2, ಒಂದು ಕೂಡಿಸಿದರೆ 3.

ಕನ್ನಡದಲ್ಲಿ LEN ಕೊಡುವ ಸಂಖ್ಯೆ ನಾವು ಅಕ್ಷರ ಎಂದು ಕರೆಯುವುದರ ಸಂಖ್ಯೆಯಲ್ಲ ಎಂಬುದನ್ನು ಈ ಉದಾಹರಣೆಯಲ್ಲಿ ಗಮನಿಸಬೇಕು. ‘ಬೆಳ್ಳಿ’ ನಮ್ಮ ಕಣ್ಣಿಗೂ ಬಾಯಿಗೂ ಎರಡೇ ಅಕ್ಷರ, LEN ಪ್ರಕಾರ ಅದು ಆರು. ಬೆಳ್ಳಿ ತಂತಿಯನ್ನು ಕೂರಿಸುವ ಕುಸುರಿಗೆ ಹೇಳುವ ‘ತಾರ್‌ಕಶಿ’ ಎಂಬ ಪದದಲ್ಲಿ ರಕಾರವು ಕಕಾರದೊಡನೆ ಒತ್ತಕ್ಷರವಾಗಿ ಸೇರದೆ ಅರ್ಧಾಕ್ಷರವಾಗಿಯೇ ನಿಲ್ಲಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ತಡೆ ಸಂಕೇತವನ್ನು ಹಾಕಬೇಕಾಗುತ್ತದೆ. ಅದನ್ನೂ ಸೇರಿಸಿ LEN ಆ ಪದಕ್ಕೆ 8 ಎನ್ನುತ್ತದೆ, ‘ತಾರ್ಕಶಿ’ ಎಂದು ಒತ್ತಾಗಿ ಬರೆದರೆ 7 ಎನ್ನುತ್ತದೆ. ಹೀಗಿದ್ದಾಗ ಈ ಸೂತ್ರ ಕನ್ನಡಕ್ಕೆ ಒಗ್ಗುವುದಿಲ್ಲವೇನೋ ಎಂಬ ಅನುಮಾನ ಬರುವುದು ಸಹಜ, ನನಗೂ ಬಂದಿತ್ತು. ಆದರೆ ಆ ಕಾಣದ ಸಂಕೇತವೂ ಕಾಗುಣಿತದ ಚಿಹ್ನೆಗಳೂ ಎರಡೂ LENಗಳಲ್ಲಿ ಸಮನಾಗಿ ಸೇರಿಕೊಂಡು ಕಳೆಯುವಾಗ ಸಮನಾಗಿ ಹೊರಟುಹೋಗುತ್ತವೆ. ಉಳಿಯುವುದು ಸ್ಪೇಸ್‌ಗಳ ಲೆಕ್ಕ ಮಾತ್ರ. ಅಕ್ಷರಗಳನ್ನು ತಪ್ಪಾಗಿ ಎಣಿಸುವಂತೆ ಕಾಣುವ ಫಂಕ್ಷನ್ನಿನಿಂದಲೇ ಪದಗಳ ಲೆಕ್ಕ ಸರಿಯಾಗಿ ಬರುವುದು ಇದೇ ಕಾರಣಕ್ಕೆ.

ಟೈಪ್ ಮಾಡುವಾಗ ಆಗುವ ಒಂದು ತಪ್ಪನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಸೂತ್ರದಲ್ಲಿರುವ ಎರಡನೆಯ ಉದ್ಧರಣ ಜೋಡಿಯ ನಡುವೆ ಏನೂ ಇರಬಾರದು. ನಮ್ಮ ಹುಡುಗ ಮೊದಲ ಸಲ ಎರಡು ಜೋಡಿಗಳಲ್ಲೂ ಸ್ಪೇಸ್ ಒತ್ತಿದ್ದರಿಂದ ಸ್ಪೇಸ್ ಹೋಗಿ ಸ್ಪೇಸೇ ಬಂದು, ಎರಡು ಉದ್ದಗಳೂ ಒಂದೇ ಆಗಿ, ಕಾಲಂ ಪೂರ್ತಿ 1, 1, 1 ಎಂದು ಬಂದಿತ್ತು. ಹಾಗೆಯೇ SUBSTITUTEಗೆ ನಾಲ್ಕನೆಯದಾಗಿ 1 ಎಂಬ ಅಂಕಿಯನ್ನು ಕೊಟ್ಟರೆ ಅದು ಮೊದಲ ಸ್ಪೇಸನ್ನು ಮಾತ್ರ ತೆಗೆದು ಸುಮ್ಮನಾಗುತ್ತದೆ, ಆಗ ಉದ್ದನೆಯ ವಾಕ್ಯಕ್ಕೂ ಉತ್ತರ 2 ಎಂದೇ ಬರುತ್ತದೆ. ಕಾಲಂ ಪೂರ್ತಿ ಒಂದೇ ಅಂಕಿ ಕಂಡರೆ ಮೊದಲು ನೋಡಬೇಕಾದದ್ದು ಈ ಎರಡು ಜಾಗಗಳನ್ನು.

ಸೂತ್ರವನ್ನು D ಕಾಲಂನಲ್ಲಿ ಹಾಕಿ ಕೆಳಗಿನವರೆಗೂ ಎಳೆದೆವು. ಪಕ್ಕದ E ಕಾಲಂನಲ್ಲಿ ಮಿತಿಯ ತಪಾಸಣೆ ಇಟ್ಟೆವು.

```
=IF(D2>30,"ಉದ್ದ","ಸರಿ")
```

‘ಉದ್ದ’ ಎಂದು ಬಂದ ವಿವರಣೆಗಳನ್ನು ಬರೆದವರಿಗೆ ವಾಪಸು ಕಳಿಸಿ ಪದ ಕಡಿಮೆ ಮಾಡಲು ಹೇಳಿದೆವು. ಮೊದಲ ಆಕ್ಷೇಪಣೆ ಬಂದದ್ದು 9ನೇ ಸಾಲಿನ ತಟ್ಟೆಯ ಕಾರ್ಡಿನಿಂದ. ಹಾಳೆ 31 ಎನ್ನುತ್ತಿತ್ತು. ಆ ವಿವರಣೆ ಬರೆದ ಹುಡುಗ ಅಂಗಡಿಗೇ ಬಂದು, “ಅಣ್ಣಾರ, ನಾ ಬೆರಳ ಮಡಚಿ ಎಣಿಸೀನ್ರಿ, ಇಪ್ಪತ್ತೊಂಬತ್ತೇ ಶಬ್ದ ಅದಾವ, ಯಾವುದು ತಗೀಬೇಕು ಹೇಳ್ರಿ” ಎಂದ. ಅವನ ಎದುರಿಗೇ ನಾನೂ ಎಣಿಸಿದೆ. 29 ಪದಗಳೇ ಇದ್ದವು.

ಸೆಲ್‌ನೊಳಗೆ ಕರ್ಸರ್ ಇಟ್ಟು ಬಾಣದ ಗುರುತಿನ ಕೀಲಿಯಿಂದ ಒಂದೊಂದೇ ಸ್ಥಾನ ಸರಿಯುತ್ತ ಹೋದಾಗ ಕಾರಣ ಕಂಡಿತು. ಮೊದಲ ವಾಕ್ಯದ ಪೂರ್ಣವಿರಾಮದ ನಂತರ ಎರಡು ಸ್ಪೇಸ್‌ಗಳಿದ್ದವು, ಕೊನೆಯ ಪೂರ್ಣವಿರಾಮದ ಆಚೆಗೂ ಒಂದು ಸ್ಪೇಸ್ ಇತ್ತು. ಸೂತ್ರಕ್ಕೆ ಪದ ಎಂದರೇನೆಂದು ಗೊತ್ತಿಲ್ಲ, ಅದು ಎಣಿಸುವುದು ಸಂದುಗಳನ್ನು. ಜೋಡಿ ಸ್ಪೇಸ್ ಇದ್ದಲ್ಲಿ ಒಂದು ಸಂದು ಎರಡಾಯಿತು, ಕೊನೆಯ ಸ್ಪೇಸ್ ಇದ್ದಲ್ಲಿ ಇಲ್ಲದ ಸಂದು ಹುಟ್ಟಿಕೊಂಡಿತು. ಬರೆದವನ ತಪ್ಪೇನೂ ಇಲ್ಲದೆ ಅವನನ್ನು ಪದ ಕಡಿಮೆ ಮಾಡು ಎಂದು ಕೇಳಿದ್ದಕ್ಕೆ ನನಗೆ ನಾಚಿಕೆಯಾಯಿತು. ಇಂತಹ ಹೆಚ್ಚಿನ ಸ್ಪೇಸ್‌ಗಳು ಆ ಹಾಳೆಯ 5 ಸಾಲುಗಳಲ್ಲಿ ಇದ್ದು, ಒಟ್ಟು 9 ಪದಗಳನ್ನು ಸುಮ್ಮನೆ ಕೂಡಿಸಿದ್ದವು.

ಇದಕ್ಕೆ ಪರಿಹಾರ TRIM. ಅದು ಪಠ್ಯದ ಆರಂಭ ಮತ್ತು ಅಂತ್ಯದಲ್ಲಿರುವ ಸ್ಪೇಸ್‌ಗಳನ್ನು ತೆಗೆದು, ನಡುವೆ ಎಷ್ಟೇ ಸ್ಪೇಸ್‌ಗಳಿದ್ದರೂ ಒಂದನ್ನು ಮಾತ್ರ ಉಳಿಸುತ್ತದೆ.

```
=LEN(TRIM(C2))-LEN(SUBSTITUTE(C2," ",""))+1
```

TRIM ಇರಬೇಕಾದದ್ದು ಮೊದಲ LENನ ಒಳಗೆ. ಎರಡನೆಯದರಲ್ಲಿ ಸ್ಪೇಸ್‌ಗಳೆಲ್ಲ ಹೇಗೂ ಹೋಗುವುದರಿಂದ ಅಲ್ಲಿ TRIM ಇದ್ದರೂ ಇಲ್ಲದಿದ್ದರೂ ಒಂದೇ. ಅಲ್ಲಿ ಮಾತ್ರ ಹಾಕಿ ಮೊದಲನೆಯದರಲ್ಲಿ ಬಿಟ್ಟವರಿಗೆ ಸೂತ್ರದಲ್ಲಿ TRIM ಕಾಣುತ್ತಿದ್ದರೂ ಉತ್ತರ ಹಳೆಯದೇ ಬರುತ್ತದೆ.

ಖಾಲಿ ಸಾಲುಗಳ ವಿಷಯವನ್ನು ಬೇಗ ಮುಗಿಸಬಹುದು. ಮೂರು ವಸ್ತುಗಳ ವಿವರಣೆ ಇನ್ನೂ ಬಂದಿರಲಿಲ್ಲ. ಖಾಲಿ ಸೆಲ್‌ನಲ್ಲಿ ಸೊನ್ನೆಯಿಂದ ಸೊನ್ನೆ ಕಳೆದು 1 ಕೂಡಿಸಿದರೆ 1 ಬರುತ್ತದೆ, ಹಾಗಾಗಿ ಏನೂ ಇಲ್ಲದ ಸಾಲು ಒಂದು ಪದದ ಸಾಲಾಗಿ ಒಟ್ಟು ಮೊತ್ತಕ್ಕೆ ಸೇರುತ್ತದೆ. ಆ ಮೂರರಲ್ಲಿ ಎರಡು ನಿಜವಾಗಿ ಖಾಲಿಯಾಗಿದ್ದು, ಒಂದರಲ್ಲಿ ಯಾರೋ ಸ್ಪೇಸ್ ಒತ್ತಿ ಬಿಟ್ಟಿದ್ದರು. ಅದು ಮೊದಲ ಸೂತ್ರದಲ್ಲಿ 2 ಎಂದು ತೋರಿಸಿತ್ತು. ಈ ಕಾರಣಕ್ಕಾಗಿಯೇ ಸೆಲ್ ಖಾಲಿಯೇ ಎಂದು ISBLANK ಮೂಲಕ ಕೇಳದೆ, ಸ್ಪೇಸ್‌ಗಳನ್ನು ತೆಗೆದ ಮೇಲೆ ಏನಾದರೂ ಉಳಿಯುತ್ತದೆಯೇ ಎಂದು ಕೇಳುವುದು ಕ್ಷೇಮ.

ಇಷ್ಟಾದ ಮೇಲೆ ಹಾಳೆ ಸರಿಯಾಯಿತೆಂದು ನಂಬಿ ಪ್ರೂಫ್ ತೆಗೆದೆವು. ದೊಡ್ಡ ದೋಷ ಹೊರಬಿದ್ದದ್ದು ಅಲ್ಲಿ.

31ನೇ ಸಾಲಿನ ಹುಕ್ಕಾದ ಕಾರ್ಡು ನೋಡಿದೊಡನೆಯೇ ಏನೋ ಎಡವಟ್ಟಾಗಿದೆ ಎಂದು ತಿಳಿಯುತ್ತಿತ್ತು. ವಿವರಣೆ ಕಾರ್ಡಿನ ಕೆಳ ಅಂಚನ್ನು ದಾಟಿತ್ತು. ಅಷ್ಟೇ ಅಲ್ಲದೆ, ಉಳಿದ ಕಾರ್ಡುಗಳಲ್ಲಿ ಸಾಲಿನ ಕೊನೆಗೆ ಪದ ಮುಗಿದಲ್ಲಿ ಮುಂದಿನ ಸಾಲು ಆರಂಭವಾಗುತ್ತಿದ್ದರೆ, ಇದರಲ್ಲಿ ಎಷ್ಟೋ ಪದಗಳು ಒಂದಕ್ಕೊಂದು ಗಂಟು ಹಾಕಿಕೊಂಡಂತೆ ಒಟ್ಟಿಗೆ ಕೆಳಗಿಳಿದು ಬಲಬದಿಯಲ್ಲಿ ದೊಡ್ಡ ಖಾಲಿ ಜಾಗ ಉಳಿದಿತ್ತು. ಹಾಳೆಗೆ ಮರಳಿ ನೋಡಿದರೆ ಆ ಸಾಲಿನ ಎದುರು ‘ಸರಿ’ ಎಂದಿತ್ತು. ನಾವು ‘ಉದ್ದ’ ಎಂಬ ಪದವನ್ನಷ್ಟೇ ಹುಡುಕುತ್ತಿದ್ದುದರಿಂದ ಅದರ ಪಕ್ಕದ ಅಂಕಿಯನ್ನು ಯಾರೂ ನೋಡಿರಲಿಲ್ಲ. ಆ ಅಂಕಿ 4. ಕೈಯಿಂದ ಎಣಿಸಿದರೆ 34 ಪದಗಳಿದ್ದವು.

ವಿವರಣೆ “ಬಿದರಿ ಹುಕ್ಕಾದ” ಎಂದು ಆರಂಭವಾಗುತ್ತಿತ್ತು. ‘ಬಿದರಿ’ ಎಂಬುದರಲ್ಲಿ ಬ, ಇಕಾರ, ದ, ರ, ಇಕಾರ ಎಂದು 5 ಸಂಕೇತಗಳಿರುವುದರಿಂದ ಅದರ ನಂತರದ ಸ್ಪೇಸ್ ಇರಬೇಕಾದದ್ದು 6ನೇ ಸ್ಥಾನದಲ್ಲಿ. ಆ ಸ್ಥಾನದಲ್ಲಿ ನಿಜವಾಗಿ ಏನಿದೆ ಎಂದು ಹಾಳೆಯನ್ನೇ ಕೇಳಿದೆ.

```
=UNICODE(MID(C31,6,1))
```

ಸಾಮಾನ್ಯ ಸ್ಪೇಸ್ ಆಗಿದ್ದರೆ ಉತ್ತರ 32 ಬರಬೇಕಿತ್ತು, ಬಂದದ್ದು 160. ಅದು ಒಡೆಯದ ಸ್ಪೇಸ್. ಎರಡು ಪದಗಳು ಸಾಲಿನ ಕೊನೆಯಲ್ಲಿ ಬೇರೆಯಾಗದಂತೆ ಹಿಡಿದಿಡಲು ವೆಬ್ ಪುಟಗಳಲ್ಲಿ ಬಳಸುವ ಸಂಕೇತ ಇದು. ಅಲ್ಲಿಂದ ನಕಲು ಮಾಡಿದಾಗ ಪಠ್ಯದ ಜೊತೆಗೇ ಬಂದುಬಿಡುತ್ತದೆ. ನೋಡಲು ಸಾಮಾನ್ಯ ಸ್ಪೇಸ್‌ಗೂ ಇದಕ್ಕೂ ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಆದರೆ SUBSTITUTEಗೆ ನಾವು ತೆಗೆಯಲು ಹೇಳಿದ್ದು 32ನೇ ಸಂಕೇತವನ್ನು, ಆದ್ದರಿಂದ ಅದು 160ನ್ನು ಮುಟ್ಟಲಿಲ್ಲ. TRIM ಕೂಡ 32ನ್ನು ಮಾತ್ರ ಗುರುತಿಸುತ್ತದೆ. ಪ್ರೂಫಿನಲ್ಲಿ ಪದಗಳು ಗಂಟು ಹಾಕಿಕೊಂಡಂತೆ ಕಂಡದ್ದಕ್ಕೂ ಇದೇ ಸಂಕೇತ ಕಾರಣ.

ಇಲ್ಲಿ ನನಗೆ ಬಹಳ ಉಪಯೋಗಕ್ಕೆ ಬಂದ ಸಂಗತಿಯೆಂದರೆ, ದೋಷವನ್ನು ತೋರಿಸಿಕೊಡಲು ಬೇರೆ ಸಾಧನ ಬೇಕಾಗಲಿಲ್ಲ. LEN ಮತ್ತು SUBSTITUTE ಜೋಡಿ ಎಣಿಸುವುದು ನಾವು ಕೊಟ್ಟ ಸಂಕೇತವನ್ನು. ಸ್ಪೇಸ್ ಕೊಟ್ಟರೆ ಸ್ಪೇಸ್, ಬೇರೆ ಸಂಕೇತ ಕೊಟ್ಟರೆ ಆ ಸಂಕೇತ. ಒಡೆಯದ ಸ್ಪೇಸ್‌ಗಳು ಎಷ್ಟಿವೆ ಎಂದು ಕೇಳುವಾಗ 1 ಕೂಡಿಸುವ ಅಗತ್ಯವಿಲ್ಲ.

```
=LEN(C31)-LEN(SUBSTITUTE(C31,UNICHAR(160),""))
```

ಉತ್ತರ 30 ಬಂತು. ಅಂದರೆ ಆ ವಿವರಣೆಯ 33 ಸಂದುಗಳಲ್ಲಿ 3 ಮಾತ್ರ ಸಾಮಾನ್ಯ ಸ್ಪೇಸ್‌ಗಳು; ಅವುಗಳಿಗೆ 1 ಕೂಡಿಸಿ ಹಾಳೆ 4 ಎಂದಿತ್ತು. ಇದೇ ಸೂತ್ರವನ್ನು 36 ಸಾಲುಗಳಿಗೂ ಎಳೆದಾಗ 19ನೇ ಸಾಲಿನಲ್ಲಿಯೂ 7 ಎಂಬ ಅಂಕಿ ಬಂತು. ಅಲ್ಲಿ 21 ಎಂದು ತೋರಿಸುತ್ತಿದ್ದ ವಿವರಣೆಯಲ್ಲಿ ನಿಜವಾಗಿ 28 ಪದಗಳಿದ್ದವು. ಹುಕ್ಕಾದ 4 ಎಂಬ ಅಂಕಿಯನ್ನಾದರೂ ಕಣ್ಣಿಟ್ಟು ನೋಡಿದ್ದರೆ ಅನುಮಾನ ಬರುತ್ತಿತ್ತು, ಈ 21ರ ಮೇಲೆ ಯಾರಿಗೂ ಅನುಮಾನ ಬರುತ್ತಿರಲಿಲ್ಲ. ಅರೆಬರೆ ಬೆರೆತ ಪಠ್ಯವೇ ಪೂರ್ತಿ ಕೆಟ್ಟದ್ದಕ್ಕಿಂತ ಹೆಚ್ಚು ಅಪಾಯಕಾರಿ ಎಂದು ನಾನು ಹೇಳುವುದು ಇದಕ್ಕಾಗಿ.

ಒಂದು ಕಾಣದ ಸಂಕೇತ ಸಿಕ್ಕಿದ ಮೇಲೆ ಇನ್ನೊಂದನ್ನೂ ಹುಡುಕಿದೆ. ಸೆಲ್‌ನೊಳಗೆ ಆಲ್ಟ್ ಮತ್ತು ಎಂಟರ್ ಒಟ್ಟಿಗೆ ಒತ್ತಿದರೆ ಹೊಸ ಸಾಲು ಬರುತ್ತದೆ. ಹಾಗೆ ಸಾಲು ಮುರಿದಲ್ಲಿ ಬರುವ ಸಂಕೇತದ ಸಂಖ್ಯೆ 10. ನಮ್ಮ ಹುಡುಗ ಕೈಬರಹದಲ್ಲಿ ಸಾಲು ಮುಗಿದಲ್ಲೆಲ್ಲ ತಾನೂ ಸಾಲು ಮುರಿದಿದ್ದ. 14ನೇ ಸಾಲಿನ ಸುರಾಹಿಯ ವಿವರಣೆ ಇನ್ನೂ ಕರಡಿನ ಹಂತದಲ್ಲಿದ್ದು ಹೀಗಿತ್ತು:

ಸುರಾಹಿ
ಸತು ಮತ್ತು ತಾಮ್ರದ ಎರಕ
ಮೇಲೆ ಬೆಳ್ಳಿ ತಂತಿಯ ಕುಸುರಿ

ಪದಗಳು 9. ಸೂತ್ರ ಕೊಟ್ಟದ್ದು 7. ಲೆಕ್ಕ ಬಿಡಿಸಿದರೆ, ಪದಗಳ ಸಂಕೇತಗಳು 44, ಎರಡು ಮತ್ತು ಮೂರನೆಯ ಸಾಲುಗಳೊಳಗಿನ ಸ್ಪೇಸ್‌ಗಳು 6, ಸಾಲು ಮುರಿದ ಸಂಕೇತಗಳು 2, ಒಟ್ಟು 52. ಸ್ಪೇಸ್ ತೆಗೆದರೆ 46 ಉಳಿಯುತ್ತದೆ, ಸಾಲು ಮುರಿದ ಎರಡು ಸಂಕೇತಗಳು ಎರಡೂ ಕಡೆ ಇರುವುದರಿಂದ ಲೆಕ್ಕಕ್ಕೆ ಬರುವುದೇ ಇಲ್ಲ. 52ರಲ್ಲಿ 46 ಕಳೆದರೆ 6, ಒಂದು ಕೂಡಿಸಿದರೆ 7. ‘ಸುರಾಹಿ’ಯೂ ಅದರ ಕೆಳಗಿನ ‘ಸತು’ವೂ ಸೂತ್ರದ ಪಾಲಿಗೆ ಒಂದೇ ಪದ.

ಇದನ್ನು ನೋಡಿದ ಹುಡುಗ ಕೂಡಲೇ CLEAN ಹಾಕಿದ. ಮುದ್ರಿಸಲಾಗದ 0ರಿಂದ 31ರವರೆಗಿನ ಸಂಕೇತಗಳನ್ನು ತೆಗೆಯುವ ಫಂಕ್ಷನ್ ಅದು, 10 ಕೂಡ ಅದರಲ್ಲಿ ಸೇರುತ್ತದೆ. ಹೆಸರು ಕೇಳಿದರೆ ಇದೇ ಸರಿಯಾದ ಮದ್ದು ಅನ್ನಿಸುತ್ತದೆ. ಆದರೆ CLEAN ಆ ಸಂಕೇತವನ್ನು ತೆಗೆದು ಅಲ್ಲಿ ಸ್ಪೇಸ್ ಇಡುವುದಿಲ್ಲ. ಪಠ್ಯ “ಸುರಾಹಿಸತು ಮತ್ತು ತಾಮ್ರದ ಎರಕಮೇಲೆ ಬೆಳ್ಳಿ ತಂತಿಯ ಕುಸುರಿ” ಎಂದಾಯಿತು, ಲೆಕ್ಕ 7 ಆಗಿದ್ದದ್ದು 7 ಆಗಿಯೇ ಉಳಿಯಿತು. ಮೊದಲು ಪಠ್ಯ ಸರಿಯಿದ್ದು ಲೆಕ್ಕ ಮಾತ್ರ ತಪ್ಪಿತ್ತು, CLEAN ಹಾಕಿದ ಮೇಲೆ ಪಠ್ಯವೂ ಕೆಟ್ಟು, ತಪ್ಪು ಲೆಕ್ಕವೇ ಅದಕ್ಕೆ ಹೊಂದಿಕೊಂಡಿತು. ಆ ಹಾಳೆಯಿಂದ ಕಾರ್ಡು ಮುದ್ರಿಸಿದ್ದರೆ ‘ಎರಕಮೇಲೆ’ ಎಂಬುದು ಪ್ರದರ್ಶನದಲ್ಲಿ ಬಂದವರೆಲ್ಲರ ಕಣ್ಣಿಗೆ ಬೀಳುತ್ತಿತ್ತು. ಸಾಲು ಮುರಿದ ಸಂಕೇತವನ್ನು ತೆಗೆಯಬಾರದು, ಅದನ್ನು ಸ್ಪೇಸ್ ಆಗಿ ಬದಲಿಸಬೇಕು. ಒಡೆಯದ ಸ್ಪೇಸ್‌ಗೂ ಇದೇ ಮಾತು.

ಆದ್ದರಿಂದ ಕೆಲಸವನ್ನು ಎರಡು ಹಂತವಾಗಿ ಒಡೆದೆವು. C ಕಾಲಂನ ಪಕ್ಕದಲ್ಲಿ ಹೊಸ ಕಾಲಂ ಸೇರಿಸಿ, D ಕಾಲಂನಲ್ಲಿ ಶುದ್ಧ ಮಾಡಿದ ಪಠ್ಯವನ್ನು ಇಟ್ಟೆವು. ಲೆಕ್ಕ E ಕಾಲಂಗೂ ತಪಾಸಣೆ F ಕಾಲಂಗೂ ಸರಿದವು.

```
D2:  =TRIM(SUBSTITUTE(SUBSTITUTE(C2,UNICHAR(160)," "),CHAR(10)," "))
E2:  =IF(D2="",0,LEN(D2)-LEN(SUBSTITUTE(D2," ",""))+1)
```

ಒಳಗಿನ SUBSTITUTE ಒಡೆಯದ ಸ್ಪೇಸನ್ನು ಸಾಮಾನ್ಯ ಸ್ಪೇಸ್ ಮಾಡುತ್ತದೆ, ಹೊರಗಿನದು ಸಾಲು ಮುರಿದ ಜಾಗದಲ್ಲಿ ಸ್ಪೇಸ್ ಇಡುತ್ತದೆ, ಕೊನೆಗೆ TRIM ಬಂದು ಹೆಚ್ಚಾದದ್ದನ್ನು ತೆಗೆಯುತ್ತದೆ. ಈ ಕ್ರಮ ಮುಖ್ಯ. TRIM ಮೊದಲು ನಡೆದು ಬದಲಾವಣೆ ಆಮೇಲೆ ನಡೆದರೆ, ಪದದ ಕೊನೆಯಲ್ಲಿ ಸ್ಪೇಸ್ ಒತ್ತಿ ನಂತರ ಸಾಲು ಮುರಿದ ಕಡೆಗಳಲ್ಲಿ ಮತ್ತೆ ಜೋಡಿ ಸ್ಪೇಸ್ ಹುಟ್ಟಿಕೊಳ್ಳುತ್ತದೆ. ಸುರಾಹಿಯ ಸಾಲಿನಲ್ಲಿ ಈಗ 52ರಲ್ಲಿ 44 ಕಳೆದು 8, ಒಂದು ಕೂಡಿಸಿ 9 ಬಂತು. UNICHAR ಮತ್ತು UNICODE ಫಂಕ್ಷನ್‌ಗಳು ಎಕ್ಸೆಲ್ 2013ರಿಂದ ಈಚೆಗೆ ಬಂದವು. ಅದಕ್ಕಿಂತ ಹಳೆಯ ಆವೃತ್ತಿ ಇರುವ ವಿಂಡೋಸ್ ಗಣಕದಲ್ಲಿ ಸಾಮಾನ್ಯವಾಗಿ `CHAR(160)` ಅದೇ ಕೆಲಸ ಮಾಡುತ್ತದೆ.

ಎರಡನ್ನೂ ಸೇರಿಸಿ ಒಂದೇ ಉದ್ದ ಸೂತ್ರ ಬರೆಯಬಹುದಿತ್ತು. ನಾನು ಬೇಡವೆಂದೆ. ಶುದ್ಧ ಮಾಡುವ ಭಾಗವನ್ನು ಎರಡೂ LENಗಳಲ್ಲಿ ಒಂದೇ ರೀತಿ ಬರೆಯಬೇಕಾಗುತ್ತದೆ, ಒಂದು ಕಡೆ ಬರೆದು ಇನ್ನೊಂದು ಕಡೆ ಬಿಟ್ಟರೆ ತಪ್ಪು ಉತ್ತರ ತಪ್ಪಿನಂತೆ ಕಾಣದೆ ಬರುತ್ತದೆ. ಬೇರೆ ಕಾಲಂ ಇದ್ದರೆ ಶುದ್ಧವಾದ ಪಠ್ಯ ಕಣ್ಣೆದುರಿಗಿರುತ್ತದೆ, ಕಾರ್ಡಿಗೂ ಅದನ್ನೇ ಕಳಿಸಬಹುದು. ಮೈಕ್ರೋಸಾಫ್ಟ್ 365 ಇರುವವರಿಗೆ ಪಠ್ಯವನ್ನು ಸ್ಪೇಸ್ ಇದ್ದಲ್ಲಿ TEXTSPLIT ಎಂಬ ಫಂಕ್ಷನ್ನಿನಿಂದ ತುಂಡರಿಸಿ, ಆ ತುಂಡುಗಳನ್ನು ಎಣಿಸುವ ಇನ್ನೊಂದು ದಾರಿಯಿದೆ. ನಮ್ಮ ಅಂಗಡಿಯ ಆವೃತ್ತಿಯಲ್ಲಿ ಅದಿಲ್ಲ. ಇದ್ದಿದ್ದರೂ ಎಲ್ಲಿ ತುಂಡರಿಸಬೇಕೆಂದು ನಾವೇ ಹೇಳಬೇಕಾದ್ದರಿಂದ ಶುದ್ಧ ಮಾಡುವ ಹಂತ ತಪ್ಪುತ್ತಿರಲಿಲ್ಲ.

ಇಲ್ಲಿಯವರೆಗಿನವು ಯಂತ್ರ ಸರಿಪಡಿಸಬಹುದಾದ ದೋಷಗಳು. ಇನ್ನು ಉಳಿದವುಗಳನ್ನು ಸೂತ್ರಕ್ಕೆ ಬಿಡದೆ ಕೈಯಿಂದಲೇ ತಿದ್ದಬೇಕೆಂದು ತೀರ್ಮಾನಿಸಿದೆವು. ಮೂರು ಸಾಲುಗಳಲ್ಲಿ ಎರಡೂ ಬದಿಗೆ ಸ್ಪೇಸ್ ಇರುವ ಅಡ್ಡಗೆರೆಗಳು ಇದ್ದು, ಪ್ರತಿ ಗೆರೆಯೂ ಒಂದು ಪದವಾಗಿ ಎಣಿಕೆಗೆ ಸೇರಿ 6 ಹೆಚ್ಚಾಗಿತ್ತು. ಇನ್ನೊಂದು ಸಾಲಿನಲ್ಲಿ “ಹುಕ್ಕಾ,ಸುರಾಹಿ,ಪಾನ್‌ದಾನ್” ಎಂದು ಅಲ್ಪವಿರಾಮದ ನಂತರ ಸ್ಪೇಸ್ ಬಿಡದೆ ಬರೆದದ್ದರಿಂದ ಮೂರು ಪದಗಳು ಒಂದಾಗಿ 2 ಕಡಿಮೆಯಾಗಿತ್ತು. ಅಲ್ಪವಿರಾಮ ಇದ್ದಲ್ಲೆಲ್ಲ ಸ್ಪೇಸ್ ಸೇರಿಸು ಎಂದು ಮತ್ತೊಂದು SUBSTITUTE ಹಾಕುವುದು ಸುಲಭ, ಆದರೆ “1,200” ಎಂಬ ಅಂಕಿ ಎಲ್ಲಾದರೂ ಇದ್ದರೆ ಅದೂ ಎರಡು ಪದವಾಗಿ ಒಡೆಯುತ್ತದೆ. ಅಲ್ಪವಿರಾಮದ ನಂತರ ಸ್ಪೇಸ್ ಇಲ್ಲದಿರುವುದು ಮುದ್ರಣದಲ್ಲಿಯೂ ತಪ್ಪೇ ಆಗಿರುವುದರಿಂದ ಮೂಲವನ್ನೇ ತಿದ್ದುವುದು ಯೋಗ್ಯ.

ಕನ್ನಡಕ್ಕೇ ವಿಶೇಷವಾದ ತೊಡಕು ಕೊನೆಗೆ ಬಂತು. ಒಬ್ಬರು ‘ಹೂದಾನಿ’ ಎಂದು ಬರೆದಿದ್ದರೆ ಇನ್ನೊಬ್ಬರು ‘ಹೂ ದಾನಿ’ ಎಂದು ಬಿಡಿಸಿ ಬರೆದಿದ್ದರು. ಬರೆದವರ ರೂಢಿಯಂತೆ ಒಂದೇ ವಸ್ತು ಒಂದು ಪದವೂ ಆಗುತ್ತದೆ, ಎರಡೂ ಆಗುತ್ತದೆ. ‘ಕೈಕೆಲಸ’, ‘ಮಾಡಿಕೊಡುತ್ತಾರೆ’ ಮುಂತಾದವುಗಳ ಗತಿಯೂ ಅದೇ. ಸಮಾಸವನ್ನೂ ಕೂಡು ಕ್ರಿಯಾಪದವನ್ನೂ ಸೇರಿಸಿ ಬರೆಯುವುದೇ ಸರಿಯೆಂದು ನನ್ನ ಅಭಿಪ್ರಾಯ, ಆದರೆ ಸೂತ್ರಕ್ಕೆ ಅಭಿಪ್ರಾಯವಿಲ್ಲ. ಕಾರ್ಡುಗಳಲ್ಲಿ ‘ಹೂದಾನಿ’ ಎಂದು ಒಂದೇ ರೂಪ ಇರಬೇಕೆಂದು ಹಿರಿಯ ಉಸ್ತಾದರೇ ಹೇಳಿದ ಮೇಲೆ ಬಿಡಿಸಿ ಬರೆದ ಮೂರು ಕಡೆ ಸೇರಿಸಿದೆವು, ಲೆಕ್ಕ 3 ಇಳಿಯಿತು.

ಒಟ್ಟು ಲೆಕ್ಕ ಹೀಗೆ ನಡೆದುಬಂತು. ಮೊದಲ ಸೂತ್ರದ ಮೊತ್ತ 742 ಇತ್ತು. ಹೆಚ್ಚಿನ ಸ್ಪೇಸ್‌ಗಳಿಂದ ಬಂದ 9 ಮತ್ತು ಖಾಲಿ ಸಾಲುಗಳ 4 ಹೋದವು. ಸಾಲು ಮುರಿದ ನಾಲ್ಕು ಸೆಲ್‌ಗಳಲ್ಲಿ ಕಳೆದುಹೋಗಿದ್ದ 11 ಮತ್ತು ಒಡೆಯದ ಸ್ಪೇಸ್‌ನ ಎರಡು ಸೆಲ್‌ಗಳ 37 ಸೇರಿ 777 ಆಯಿತು. ಕೈಯಿಂದ ತಿದ್ದಿದ ಮೇಲೆ 6 ಇಳಿದು, 2 ಏರಿ, 3 ಇಳಿದು 770ಕ್ಕೆ ನಿಂತಿತು. 742ಕ್ಕೂ 770ಕ್ಕೂ ಅಂತರ ಬರೀ 28 ಎಂದು ಕಾಣುತ್ತದೆ. ಹೆಚ್ಚಿಸುವ ತಪ್ಪುಗಳೂ ತಗ್ಗಿಸುವ ತಪ್ಪುಗಳೂ ಒಂದನ್ನೊಂದು ಮುಚ್ಚಿದ್ದರಿಂದ ಆದದ್ದು ಅದು. ಮೊತ್ತವನ್ನಷ್ಟೇ ನೋಡಿದವರಿಗೆ ಒಂದು ಕಾರ್ಡಿನಲ್ಲಿ 30 ಪದ ಕಾಣೆಯಾಗಿತ್ತೆಂದು ಎಂದೂ ತಿಳಿಯುತ್ತಿರಲಿಲ್ಲ. ಅನುವಾದಕರು ತಾವೇ ಎಣಿಸಲು ಆರಿಸಿಕೊಂಡ ಐದು ಕಾರ್ಡುಗಳಲ್ಲಿ ಹಾಳೆಯ ಲೆಕ್ಕ ಅವರ ಲೆಕ್ಕಕ್ಕೆ ಸರಿಹೋಯಿತು, 770ಕ್ಕೆ ಇಬ್ಬರೂ ಒಪ್ಪಿದೆವು.

ಆದರೆ ಕಾರ್ಡಿನಲ್ಲಿ ವಿವರಣೆ ಹಿಡಿಸುತ್ತದೆಯೇ ಎಂಬ ಪ್ರಶ್ನೆಗೆ ಪದಗಣನೆ ಪೂರ್ತಿ ಉತ್ತರ ಕೊಡಲಾರದು ಎಂಬುದನ್ನು ಎರಡನೆಯ ಪ್ರೂಫ್ ತೋರಿಸಿತು. ಸರಿಯಾಗಿ 30 ಪದಗಳಿದ್ದ ಎರಡು ಕಾರ್ಡುಗಳಲ್ಲಿ ಒಂದು ಸಲೀಸಾಗಿ ಕೂತಿತ್ತು, ಇನ್ನೊಂದರಲ್ಲಿ ‘ಕಪ್ಪಾಗಿಸಲಾಗುತ್ತದೆ’, ‘ಕೂರಿಸಿದ್ದರಿಂದಾಗಿ’ ಎಂಬಂತಹ ಉದ್ದ ಪದಗಳಿದ್ದು ಒಂದು ಸಾಲು ಹೆಚ್ಚಾಗಿತ್ತು. ಪದಗಳ ಬದಲು LEN ಅನ್ನೇ ಮಿತಿಯಾಗಿ ಇಡೋಣವೆಂದರೆ, ಒತ್ತಕ್ಷರ ಕೆಳಗೆ ಇಳಿಯುವುದರಿಂದ 6 ಸಂಕೇತಗಳ ‘ಬೆಳ್ಳಿ’ ಎರಡು ಅಕ್ಷರಗಳಷ್ಟೇ ಅಗಲ ಹಿಡಿಯುತ್ತದೆ, ಹಾಗಾಗಿ ಅದೂ ಅಗಲದ ನಿಜವಾದ ಅಳತೆಯಲ್ಲ. ನಾವು 30 ಪದಗಳ ಮಿತಿಯನ್ನು ಬರೆಯುವವರಿಗಾಗಿ ಉಳಿಸಿಕೊಂಡು, ಹಿಡಿಸುತ್ತದೆಯೋ ಇಲ್ಲವೋ ಎಂಬುದನ್ನು ಪ್ರೂಫ್ ನೋಡಿಯೇ ತೀರ್ಮಾನಿಸಿದೆವು.

ಹುಕ್ಕಾದ ವಿವರಣೆಯನ್ನು ಬರೆದವರು ಕೋಟೆಯ ಮಣ್ಣಿನಿಂದ ಲೋಹ ಕಪ್ಪಾಗುವ ಮಾತನ್ನು ಹಾಗೆಯೇ ಇಟ್ಟು, ಬೇರೆಡೆಯ ಪದಗಳನ್ನು ತೆಗೆದು 34ರಿಂದ 29ಕ್ಕೆ ಇಳಿಸಿದರು. ತಟ್ಟೆಯ ಕಾರ್ಡಿನ 29 ಪದಗಳಲ್ಲಿ ಒಂದನ್ನೂ ಮುಟ್ಟಲಿಲ್ಲ. ಬಾಕಿಯಿದ್ದ ಮೂರು ವಿವರಣೆಗಳು ಬಂದು C ಕಾಲಂನಲ್ಲಿ ಕೂತ ಕೂಡಲೇ E ಕಾಲಂನ ಮೂರು ಸೊನ್ನೆಗಳು 24, 27 ಮತ್ತು 22 ಆದವು. ಮೂರನ್ನೂ ಕೈಯಿಂದ ಎಣಿಸಿ ನೋಡಿದ ಮೇಲೆಯೇ ಕಡತವನ್ನು ಮುದ್ರಣಕ್ಕೆ ಕಳಿಸಿದೆ.